ಒಂದು ಪೆಟ್ಟಿಗೆ, ಮೂರು ಶೋರೀಲ್: ಅನಿಮೇಷನ್, ವಿಎಫ್‌ಎಕ್ಸ್, ಗೇಮ್ ಡಿಸೈನ್‌ಗಳಲ್ಲಿ ನಿಮ್ಮದು ಯಾವುದು?

ಅನಿಮೇಷನ್, ವಿಎಫ್‌ಎಕ್ಸ್, ಗೇಮ್ ಡಿಸೈನ್ ಮೂರನ್ನೂ ಒಂದೇ ಉಸಿರಿಗೆ ಹೇಳುವುದು ರೂಢಿಯಾಗಿಬಿಟ್ಟಿದೆ. ಇವು ಮೂರು ಬೇರೆ ಕೆಲಸಗಳು ಎಂಬುದು ಅರ್ಜಿ ಹಾಕುವ ಹೊತ್ತಿಗೆ ಗೊತ್ತಾಗುತ್ತದೆ. ಅನಿಮೇಟರ್‌ನಿಂದ ಸ್ಟುಡಿಯೋ ಕೇಳುವುದು ಚಲನೆಯನ್ನು. ವಿಎಫ್‌ಎಕ್ಸ್ ಕಲಾವಿದ ತೋರಿಸಬೇಕಾದದ್ದು ಕಣ್ಣಿಗೆ ಬೀಳದ ಕೆಲಸವನ್ನು. ಗೇಮ್ ಡಿಸೈನರ್ ಮುಂದಿಡಬೇಕಾದದ್ದು ಆಡಿ ನೋಡಬಹುದಾದ ಆಟವನ್ನು. ಮೂರರಲ್ಲೂ ಸ್ವಲ್ಪ ಸ್ವಲ್ಪ ಮಾಡಿ ಒಂದೇ ರೀಲಿನಲ್ಲಿ, ಅಂದರೆ ಕೆಲಸದ ಮಾದರಿ ತೋರಿಸುವ ಚಿಕ್ಕ ವಿಡಿಯೋದಲ್ಲಿ, ಪೋಣಿಸಿದರೆ, ನೋಡುವವರಿಗೆ ನಿಮ್ಮನ್ನು ಯಾವ ಕುರ್ಚಿಯಲ್ಲಿ ಕೂರಿಸಬೇಕೆಂದೇ ತಿಳಿಯುವುದಿಲ್ಲ.

ಆಯ್ಕೆಗೆ ಒಂದು ನೇರವಾದ ದಾರಿಯಿದೆ. ಒಂದೇ ವಿಷಯವನ್ನು ಮೂರು ಬಗೆಯಲ್ಲಿ ಮಾಡಿ ನೋಡುವುದು. ಇಲ್ಲಿ ಆ ವಿಷಯ ಭಾರವಾದ ಒಂದು ಪೆಟ್ಟಿಗೆ. ಅನಿಮೇಟರ್ ಅದನ್ನು ತಳ್ಳುವವನ ಮೈಯಲ್ಲಿ ಭಾರ ಕಾಣಿಸಬೇಕು. ವಿಎಫ್‌ಎಕ್ಸ್ ಕಲಾವಿದ ಇಲ್ಲದ ಪೆಟ್ಟಿಗೆಯನ್ನು ನಿಜವಾದ ನೆಲದ ಮೇಲೆ ಕೂರಿಸಬೇಕು. ಗೇಮ್ ಡಿಸೈನರ್ ಆ ಪೆಟ್ಟಿಗೆಯನ್ನು ಯಾಕೆ ತಳ್ಳಬೇಕು, ತಪ್ಪು ಜಾಗಕ್ಕೆ ತಳ್ಳಿದರೆ ಏನಾಗಬೇಕು ಎಂದು ತೀರ್ಮಾನಿಸಬೇಕು. ಮೂರಕ್ಕೂ ಉಚಿತ ಸಾಫ್ಟ್‌ವೇರ್ ಸಾಕು: ಮೊದಲೆರಡಕ್ಕೆ ಬ್ಲೆಂಡರ್, ಮೂರನೆಯದಕ್ಕೆ ಗೊಡಾಟ್. ಸ್ಟುಡಿಯೋಗಳಲ್ಲಿ ಮಾಯಾ, ನ್ಯೂಕ್, ಅನ್‌ರಿಯಲ್ ಹೆಚ್ಚು ಬಳಕೆಯಲ್ಲಿವೆ, ನಿಜ. ಆದರೆ ಮೊದಲ ರೀಲಿನಲ್ಲಿ ಅಳೆಯುವುದು ಕಣ್ಣನ್ನು, ಸಾಫ್ಟ್‌ವೇರಿನ ಹೆಸರನ್ನಲ್ಲ.

ಅನಿಮೇಟರ್‌ನ ಪೆಟ್ಟಿಗೆ: ಐದು ಸೆಕೆಂಡಿನ ಭಾರ

ಸೆಕೆಂಡಿಗೆ 24 ಫ್ರೇಮಿನಂತೆ ಐದು ಸೆಕೆಂಡ್ ಎಂದರೆ 120 ಫ್ರೇಮ್. ಮೊದಲ ಶಾಟಿಗೆ ಇಷ್ಟು ಧಾರಾಳವಾಯಿತು. ಪಾತ್ರವನ್ನು ನೀವೇ ಮಾಡೆಲ್ ಮಾಡಬೇಕಿಲ್ಲ. ಉಚಿತವಾಗಿ ಸಿಗುವ, ಕೈಕಾಲು ಆಡಿಸಲು ಹಿಡಿತಗಳಿರುವ ಸಿದ್ಧ ಪಾತ್ರವನ್ನು, ಅಂದರೆ ರಿಗ್ ಒಂದನ್ನು ತೆಗೆದುಕೊಂಡು, ಅದನ್ನು ಮಾಡಿದವರ ಹೆಸರನ್ನು ರೀಲಿನಲ್ಲಿ ನಮೂದಿಸಿದರೆ ಸಾಕು. ಅನಿಮೇಷನ್ ರೀಲಿಗೆ ಬಣ್ಣ, ಬೆಳಕು, ಹೊಳಪು ಯಾವುದೂ ಬೇಡ. ಬೂದು ಬಣ್ಣದ ಪಾತ್ರವೇ ಒಳ್ಳೆಯದು, ನೋಡುವವರ ಗಮನ ಚಲನೆಯಿಂದ ಆಚೆಗೆ ಹೋಗುವುದಿಲ್ಲ.

ಮೊದಲು ನೀವೇ ಒಂದು ಭಾರವಾದ ಬೀರುವನ್ನೋ ಮೇಜನ್ನೋ ತಳ್ಳಿ, ಪಕ್ಕದಿಂದ ವಿಡಿಯೋ ತೆಗೆಯಿರಿ. ಹಗುರವಾದುದನ್ನು ಭಾರವಾದಂತೆ ನಟಿಸಿ ತಳ್ಳಿದರೆ ಕೆಲಸಕ್ಕೆ ಬಾರದು. ನಟಿಸುವಾಗ ಸೊಂಟ ಪಾದಗಳ ಮೇಲೆಯೇ ಉಳಿದುಬಿಡುತ್ತದೆ, ಭಾರದ ಗುಟ್ಟು ಇರುವುದು ಅಲ್ಲಿಯೇ. ನಿಜವಾಗಿ ತಳ್ಳುವಾಗ ಪಾದಗಳು ತುಂಬಾ ಹಿಂದೆ ಉಳಿಯುತ್ತವೆ, ಸೊಂಟ ಇಳಿಯುತ್ತದೆ, ಹಿಮ್ಮಡಿಯಿಂದ ಅಂಗೈವರೆಗೆ ಒಂದು ಓರೆಗೆರೆ ಮೂಡುತ್ತದೆ. ಭಂಗಿ ಸರಿಯಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಪೆಟ್ಟಿಗೆಯನ್ನು ಮರೆಮಾಡಿ ನೋಡಿ. ಪಾತ್ರ ಈಗಲೇ ಮುಗ್ಗರಿಸಿ ಬೀಳುವಂತೆ ಕಂಡರೆ ಭಂಗಿ ಸರಿಯಿದೆ. ಪೆಟ್ಟಿಗೆ ಇಲ್ಲದೆಯೂ ಆರಾಮವಾಗಿ ನಿಂತಂತಿದ್ದರೆ ಅದು ತಳ್ಳುತ್ತಿಲ್ಲ, ಸುಮ್ಮನೆ ಮುಟ್ಟುತ್ತಿದೆ.

ಆ 120 ಫ್ರೇಮುಗಳನ್ನು ಹೀಗೆ ಹಂಚಬಹುದು. 1ರಿಂದ 16ರವರೆಗೆ ಪಾತ್ರ ಕೈಗಳನ್ನು ಪೆಟ್ಟಿಗೆಗೆ ಒಡ್ಡುತ್ತದೆ. 16ರಿಂದ 44ರವರೆಗೆ ತಳ್ಳಿ ನೋಡುತ್ತದೆ, ಪೆಟ್ಟಿಗೆ ಕದಲುವುದಿಲ್ಲ, ಬೆನ್ನು ಮಾತ್ರ ಬಾಗುತ್ತದೆ. 44ರಿಂದ 60ರವರೆಗೆ ಕಾಲನ್ನು ಇನ್ನೂ ಹಿಂದಿಟ್ಟು ಸೊಂಟ ತಗ್ಗಿಸುತ್ತದೆ. 60ರಲ್ಲಿ ಸೊಂಟ ಮುಂದಕ್ಕೆ ನುಗ್ಗುತ್ತದೆ, ಆದರೆ ಪೆಟ್ಟಿಗೆ ಹೊರಡುವುದು 68ರ ಸುಮಾರಿಗೆ. ಈ ಎಂಟು ಫ್ರೇಮಿನ ತಡವೇ ಭಾರ. ಸೊಂಟ ಹಾಗೂ ಪೆಟ್ಟಿಗೆ ಒಂದೇ ಫ್ರೇಮಿನಲ್ಲಿ ಹೊರಟರೆ ಅದು ಥರ್ಮಾಕೋಲಿನ ಪೆಟ್ಟಿಗೆ. ಮುಂದಿನ ಫ್ರೇಮುಗಳಲ್ಲಿ ಪ್ರತಿ ಹೆಜ್ಜೆಗೂ ಪೆಟ್ಟಿಗೆ ಸ್ವಲ್ಪ ಸರಿದು, ಹೆಜ್ಜೆ ಬದಲಾಗುವಾಗ ನಿಲ್ಲಬೇಕು. ನಿಧಾನವಾಗಿ ಸರಿಯುವ ವಸ್ತುವನ್ನು ನೆಲದ ಘರ್ಷಣೆ ಆ ಕೂಡಲೇ ನಿಲ್ಲಿಸುತ್ತದೆ. ಒಂದೇ ವೇಗದಲ್ಲಿ ಜಾರುತ್ತಾ ಹೋದರೆ ಪೆಟ್ಟಿಗೆಯ ಕೆಳಗೆ ಚಕ್ರಗಳಿರುವಂತೆ ಕಾಣುತ್ತದೆ.

ಮೊದಲು ಮುಖ್ಯ ಭಂಗಿಗಳನ್ನಷ್ಟೇ ಇಟ್ಟು, ನಡುವೆ ಏನೂ ತುಂಬದ ಸ್ಟೆಪ್ಡ್ ಕೀಗಳಲ್ಲಿ ಕೆಲಸ ಮಾಡಿ. ಇದು ಬ್ಲಾಕಿಂಗ್. ಹೊಸಬರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಬ್ಲಾಕಿಂಗಿನಲ್ಲಿ ಚೆನ್ನಾಗಿದ್ದ ಶಾಟು, ನಡುವಿನ ಚಲನೆಯನ್ನು ಕಂಪ್ಯೂಟರ್ ತುಂಬುವ ಸ್ಪ್ಲೈನ್‌ಗೆ ಬದಲಿಸಿದ ಕೂಡಲೇ ನೀರಿನಲ್ಲಿ ತೇಲಿದಂತಾಗುತ್ತದೆ. ಎರಡು ಕೀಗಳ ನಡುವಿನ ಜಾಗವನ್ನು ಕಂಪ್ಯೂಟರ್ ಎಲ್ಲ ಅಂಗಗಳಿಗೂ ಒಂದೇ ನಯದಲ್ಲಿ ತುಂಬುತ್ತದೆ, ಯಾವುದು ಮೊದಲು ಹೊರಡಬೇಕು, ಯಾವುದು ತಡವಾಗಬೇಕು ಎಂಬುದು ಅದಕ್ಕೆ ಗೊತ್ತಿಲ್ಲ. ಆದ್ದರಿಂದ ಸ್ಪ್ಲೈನ್‌ಗೆ ಹೋಗುವ ಮೊದಲೇ ನಡುವಿನ ಭಂಗಿಗಳನ್ನೂ ಸೇರಿಸಿ, ಸುಮಾರು ನಾಲ್ಕು ಫ್ರೇಮಿಗೊಂದು ಭಂಗಿ ಇರುವ ಹಾಗೆ ನೋಡಿಕೊಳ್ಳಿ.

ಇನ್ನೊಂದು ಎಡವಟ್ಟು ಅಂಗೈಯದು. ಪೆಟ್ಟಿಗೆಯನ್ನು ಕೈಗೆ ಕಟ್ಟಿದರೆ ಕೈಯ ಸಣ್ಣ ನಡುಕಕ್ಕೂ ಪೆಟ್ಟಿಗೆ ಅಲುಗುತ್ತದೆ. ಪೆಟ್ಟಿಗೆಗೆ ಅದರದೇ ಚಲನೆ ಕೊಟ್ಟು, ಕೈಗಳನ್ನು ಕನ್‌ಸ್ಟ್ರೇಂಟ್ ಎಂಬ ಅಂಟಿಸುವ ಸೌಲಭ್ಯದ ಮೂಲಕ ಪೆಟ್ಟಿಗೆಗೆ ಕಟ್ಟುವುದು ಸರಿಯಾದ ಕ್ರಮ. ಮೊಣಕೈ ಪೂರ್ತಿ ನೆಟ್ಟಗಾಗದಂತೆಯೂ ಕಾಯಬೇಕು. ಪೂರ್ತಿ ಚಾಚಿದ ಕೈ ಮತ್ತೆ ಮಡಿಯುವ ಫ್ರೇಮಿನಲ್ಲಿ ಮೊಣಕೈ ಟಪ್ಪೆಂದು ಹಾರುತ್ತದೆ. ರೀಲನ್ನು ಫ್ರೇಮ್ ಫ್ರೇಮಾಗಿ ಸರಿಸಿ ನೋಡುವವರ ಕಣ್ಣಿಗೆ ಮೊದಲು ಬೀಳುವುದು ಇದೇ, ಜೊತೆಗೆ ನೆಲಕ್ಕೂರಿದ ಪಾದ ಜಾರುವುದು.

ಈ ದಾರಿ ಯಾರಿಗೆ ಹೊಂದುತ್ತದೆ? ಒಂದೇ ಐದು ಸೆಕೆಂಡನ್ನು ಮೂರು ವಾರ ನೋಡುತ್ತಾ ಕೂತರೂ ಬೇಸರವಾಗದವರಿಗೆ. ಇಲ್ಲಿ ಕಲಿತದ್ದು ಸಿನಿಮಾಕ್ಕೂ ಆಟಕ್ಕೂ ಬರುತ್ತದೆ, ಆದರೆ ಹಾಗೇ ಎತ್ತಿ ಇಡಲಾಗದು. ಸಿನಿಮಾದಲ್ಲಿ ಜಿಗಿತಕ್ಕೆ ಮುಂಚೆ ಹತ್ತು ಫ್ರೇಮ್ ಮಂಡಿ ಮಡಿದರೆ ಸೊಗಸು. ಆಟದಲ್ಲಿ ಬಟನ್ ಒತ್ತಿ ಹತ್ತು ಫ್ರೇಮ್ ಕಾದರೆ ಆಡುವವರಿಗೆ ಕಂಟ್ರೋಲರ್ ಕೆಟ್ಟಿದೆ ಅನ್ನಿಸುತ್ತದೆ. ಗೇಮ್ ಅನಿಮೇಷನ್ ಕಡೆ ಒಲವಿದ್ದರೆ ರೀಲಿನಲ್ಲಿ ನಡಿಗೆ, ಓಟ, ನಿಲುವುಗಳ ಸೈಕಲ್‌ಗಳು ಬೇಕು, ಕೊನೆಯ ಫ್ರೇಮಿನಿಂದ ಮೊದಲಿನದಕ್ಕೆ ಬೆಸುಗೆ ಕಾಣದಂತಿರಬೇಕು.

ವಿಎಫ್‌ಎಕ್ಸ್‌ನ ಪೆಟ್ಟಿಗೆ: ಇಲ್ಲದ್ದನ್ನು ಇದ್ದಂತೆ

ವಿಎಫ್‌ಎಕ್ಸ್ ಎಂದರೆ ಸ್ಫೋಟ, ಬೆಂಕಿ, ಕುಸಿಯುವ ಕಟ್ಟಡ ಎಂದುಕೊಂಡೇ ಹೆಚ್ಚಿನವರು ಬರುತ್ತಾರೆ. ಹೊಸಬರಿಗೆ ಸಾಮಾನ್ಯವಾಗಿ ಸಿಗುವ ಕೆಲಸ ರೋಟೋ, ಪೇಂಟ್, ಮ್ಯಾಚ್‌ಮೂವ್. ನಟನ ಅಂಚನ್ನು ಫ್ರೇಮ್ ಫ್ರೇಮಾಗಿ ಕತ್ತರಿಸುವುದು, ತಂತಿಗಳನ್ನು ಅಳಿಸುವುದು, ಕ್ಯಾಮೆರಾ ಎಲ್ಲಿತ್ತು ಎಂದು ಲೆಕ್ಕ ಹಾಕುವುದು. ಆದ್ದರಿಂದ ಮೊದಲ ರೀಲಿನಲ್ಲಿ ಸ್ಫೋಟಕ್ಕಿಂತ ಒಂದು ಸಾಧಾರಣ ಪೆಟ್ಟಿಗೆಯೇ ಹೆಚ್ಚು ಹೇಳುತ್ತದೆ.

ಶಾಟು ಇಷ್ಟು: ಖಾಲಿ ನೆಲ, ಆರು ಸೆಕೆಂಡ್, ಫೋನಿನಲ್ಲೇ ತೆಗೆದದ್ದು. ತೆಗೆಯುವ ಮೊದಲು ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ. ಸ್ಟೆಬಿಲೈಸೇಷನ್ ಆಫ್ ಮಾಡಿ. ಅದು ಪ್ರತಿ ಫ್ರೇಮನ್ನೂ ತನಗೆ ಬೇಕಾದಂತೆ ಸರಿಸುವುದರಿಂದ ಕ್ಯಾಮೆರಾ ಎಲ್ಲಿತ್ತು ಎಂದು ಹುಡುಕುವ ಟ್ರ್ಯಾಕಿಂಗ್ ಲೆಕ್ಕ ಕೆಡುತ್ತದೆ. ನಿಂತಲ್ಲೇ ಫೋನನ್ನು ತಿರುಗಿಸಬೇಡಿ, ಎರಡು ಹೆಜ್ಜೆ ಪಕ್ಕಕ್ಕೆ ನಿಧಾನವಾಗಿ ನಡೆಯಿರಿ. ಹತ್ತಿರದ ವಸ್ತು ಬೇಗ ಸರಿದು ದೂರದ್ದು ನಿಧಾನವಾಗಿ ಸರಿದರೆ ಮಾತ್ರ ಆಳ ಲೆಕ್ಕಕ್ಕೆ ಸಿಗುತ್ತದೆ. ನೆಲ ನುಣುಪಾಗಿದ್ದರೆ ಹತ್ತು ಹನ್ನೆರಡು ಕಾಗದದ ಗುರುತುಗಳನ್ನು ಹರಡಿ. ಅವನ್ನು ಆಮೇಲೆ ನೀವೇ ಅಳಿಸುವುದರಿಂದ ಪೇಂಟ್ ಕೆಲಸವೂ ರೀಲಿಗೆ ಸೇರಿದಂತಾಯಿತು. ಕೊನೆಗೆ, ಅದೇ ಜಾಗದಲ್ಲಿ ನಿಜವಾದ ರಟ್ಟಿನ ಪೆಟ್ಟಿಗೆಯನ್ನಿಟ್ಟು ಎರಡು ಸೆಕೆಂಡ್ ಹೆಚ್ಚಿಗೆ ತೆಗೆದಿಡಿ. ನೆರಳು ಯಾವ ಕಡೆ, ಎಷ್ಟು ಕಪ್ಪು, ಅಂಚು ಎಲ್ಲಿ ಮೆದುವಾಗುತ್ತದೆ ಎಂಬುದಕ್ಕೆಲ್ಲ ಇದರಲ್ಲಿ ಉತ್ತರವಿರುತ್ತದೆ. ಇದನ್ನು ಬಿಟ್ಟವರು ಆಮೇಲೆ ಅಂದಾಜಿನಲ್ಲಿ ದಿನಗಟ್ಟಲೆ ಕಳೆಯುತ್ತಾರೆ.

ಫೋನಿನ ವಿಡಿಯೋದಲ್ಲಿ ಫ್ರೇಮುಗಳ ಅಂತರ ಹೆಚ್ಚಾಗಿ ಒಂದೇ ಸಮನಾಗಿರುವುದಿಲ್ಲ. 30 ಫ್ರೇಮಿನಲ್ಲಿ ತೆಗೆದಿದ್ದರೆ ಮೊದಲು ffmpeg ಎಂಬ ಉಚಿತ ಸಾಫ್ಟ್‌ವೇರಿನಿಂದ ಹೀಗೆ ಬಿಡಿ ಚಿತ್ರಗಳನ್ನಾಗಿ ಮಾಡಿಕೊಳ್ಳಿ (`plate` ಫೋಲ್ಡರ್ ಮೊದಲೇ ಇರಬೇಕು):

```
ffmpeg -i shot.mov -vf fps=30 plate/%04d.png
```

ಬ್ಲೆಂಡರ್‌ನ ಟ್ರ್ಯಾಕರ್‌ನಲ್ಲಿ ಒಂದೇ ಹೊತ್ತಿಗೆ ಕನಿಷ್ಠ ಎಂಟು ಬಿಂದುಗಳು ಬೇಕು. ಅವು ನೆಲದ ಮೇಲೆಯೂ ದೂರದ ಗೋಡೆಯ ಮೇಲೆಯೂ ಹರಡಿರಲಿ, ಎಲ್ಲವೂ ಒಂದೇ ಸಮತಲದಲ್ಲಿ ಬೇಡ. ಲೆಕ್ಕ ಹಾಕಿದ ಜಾಗಕ್ಕೂ ನಿಜವಾದ ಬಿಂದುವಿಗೂ ಇರುವ ಅಂತರ, ಅಂದರೆ ಸಾಲ್ವ್ ಎರರ್, ಒಂದು ಪಿಕ್ಸೆಲಿಗಿಂತ ಕೆಳಗೆ, ಸಾಧ್ಯವಾದರೆ ಅರ್ಧದೊಳಗೆ ಬರಬೇಕು. ಆದರೆ ಆ ಅಂಕಿಯನ್ನೇ ನಂಬಿ ಕೂರಬೇಡಿ. ತಪ್ಪು ಲೆನ್ಸ್ ಅಳತೆಯಲ್ಲೂ ಎರರ್ ಕಡಿಮೆ ಬರುವುದುಂಟು. ನೆಲದ ಗುರುತುಗಳ ಮೇಲೆ ಸಣ್ಣ ಘನಗಳನ್ನಿಟ್ಟು ಶಾಟನ್ನು ಓಡಿಸಿ. ಒಂದಾದರೂ ನೆಲದಿಂದ ಜಾರಿದಂತೆ ಕಂಡರೆ ಟ್ರ್ಯಾಕ್ ಇನ್ನೂ ಸರಿಯಾಗಿಲ್ಲ ಎಂದರ್ಥ.

ಪೆಟ್ಟಿಗೆಯನ್ನಿಟ್ಟು, ನೆಲವನ್ನು ನೆರಳನ್ನಷ್ಟೇ ಹಿಡಿಯುವ `Shadow Catcher` ಮಾಡಿ ರೆಂಡರ್ ಮಾಡಿದಾಗ ಮೊದಲ ಸಲ ಯಾರದ್ದೂ ಸರಿಯಾಗಿ ಕೂರುವುದಿಲ್ಲ. ಕಾರಣಗಳು ಹೆಚ್ಚೇನಿಲ್ಲ. ಶಾಟು ಇಡಿಯಾಗಿ ಮಂಕಾಗಿದ್ದರೆ ಬಣ್ಣದ ಸೆಟ್ಟಿಂಗ್ ನೋಡಿ. ಬ್ಲೆಂಡರ್‌ನ `View Transform` ಮೊದಲಿಗೆ `AgX` ಅಥವಾ `Filmic` ಆಗಿರುತ್ತದೆ, ಫೋನಿನ ಚಿತ್ರದ ಮೇಲೂ ಅದು ಬಿದ್ದು ಬಣ್ಣ ಕೆಡಿಸುತ್ತದೆ. ಈ ಕೆಲಸಕ್ಕೆ ಅದನ್ನು `Standard`ಗೆ ಬದಲಿಸಬೇಕು. ಪೆಟ್ಟಿಗೆ ತೇಲಿದಂತಿದ್ದರೆ, ನೆಲವನ್ನು ಮುಟ್ಟುವ ಅಂಚಿನ ಸಣ್ಣ ಗಾಢ ನೆರಳು ಇಲ್ಲವೆಂದರ್ಥ. ಅಂಟಿಸಿದ ಚಿತ್ರದಂತಿದ್ದರೆ ಕಪ್ಪು ಮಟ್ಟವನ್ನು ಹೋಲಿಸಿ. ಚಿತ್ರದ ಗಾಮಾವನ್ನು ತಾತ್ಕಾಲಿಕವಾಗಿ ಜೋರಾಗಿ ಏರಿಸಿದರೆ ನಿಜವಾದ ನೆರಳುಗಳು ಬೂದಾಗಿ ಮೇಲೇಳುತ್ತವೆ, ನಿಮ್ಮ ಪೆಟ್ಟಿಗೆಯ ನೆರಳು ಮಾತ್ರ ಕಪ್ಪು ಗುಂಡಿಯಾಗಿ ಉಳಿಯುತ್ತದೆ. ಇವೆಲ್ಲ ಆದ ಮೇಲೂ ಏನೋ ಕಿರಿಕಿರಿ ಅನ್ನಿಸಿದರೆ ಅದು ಹೆಚ್ಚಾಗಿ ಗ್ರೇನ್. ಫೋನಿನ ಚಿತ್ರದಲ್ಲಿ ಕಾಳು ಕಾಳು ಅಲುಗಾಟವಿರುತ್ತದೆ, ರೆಂಡರ್ ಮಾಡಿದ ಪೆಟ್ಟಿಗೆ ಗಾಜಿನಷ್ಟು ಶುಭ್ರ. ಮೇಲೆ ಅಷ್ಟೇ ಗ್ರೇನ್ ಹರಡಿ, ಅಂಚುಗಳನ್ನು ಚಿತ್ರದಷ್ಟೇ ಮೆದು ಮಾಡಿದರೆ ಪೆಟ್ಟಿಗೆ ಚಿತ್ರದೊಳಗೆ ಕೂರುತ್ತದೆ.

ರೀಲಿನಲ್ಲಿ ಇದನ್ನು ತೋರಿಸುವ ಕ್ರಮವೂ ಮುಖ್ಯ. ಕೆಲಸ ಚೆನ್ನಾಗಿದ್ದಷ್ಟೂ ಅದು ಕಾಣುವುದಿಲ್ಲ, ಹಾಗಾಗಿ ಹಂತ ಹಂತವಾಗಿ ಬಿಡಿಸಿ ತೋರಿಸುವ ಬ್ರೇಕ್‌ಡೌನ್ ಇಲ್ಲದ ವಿಎಫ್‌ಎಕ್ಸ್ ರೀಲು ಬರೀ ಫೋನ್ ವಿಡಿಯೋ. ಮೊದಲು ಮುಗಿದ ಶಾಟು, ಆಮೇಲೆ ಮೂಲ ಚಿತ್ರ, ಟ್ರ್ಯಾಕಿಂಗ್ ಬಿಂದುಗಳು, ಬೂದು ಪೆಟ್ಟಿಗೆ, ಬೆಳಕು ನೆರಳು, ಗುರುತುಗಳನ್ನು ಅಳಿಸಿದ್ದು, ಮತ್ತೆ ಮುಗಿದ ಶಾಟು. ಪ್ರತಿ ಹಂತಕ್ಕೂ ಒಂದೂವರೆ ಸೆಕೆಂಡಿನಿಂದ ಎರಡು ಸೆಕೆಂಡ್.

ಈ ಕೆಲಸದ ಇನ್ನೊಂದು ಮುಖವನ್ನೂ ಆಯ್ಕೆಗೆ ಮುಂಚೆ ತಿಳಿದಿರಬೇಕು. ಎಲ್ಲವನ್ನೂ ಒಂದೇ ಚಿತ್ರವಾಗಿ ಬೆಸೆಯುವ ಕಾಂಪೋಸಿಟಿಂಗ್ ಕೆಲಸ ಸಾಲಿನ ಕೊನೆಯಲ್ಲಿದೆ. ಮಾಡೆಲ್, ಅನಿಮೇಷನ್, ಲೈಟಿಂಗ್ ಎಲ್ಲೇ ಒಂದು ದಿನ ತಡವಾದರೂ ಆ ದಿನ ಕಡಿತವಾಗುವುದು ಕೊನೆಯವರ ಲೆಕ್ಕದಿಂದಲೇ. ರಾತ್ರಿ ಕೂತು ಕೆಲಸ ಮಾಡುವ ಮಾತು ಇಲ್ಲಿ ಹೆಚ್ಚು ಕೇಳಿಬರುವುದು ಇದಕ್ಕೇ.

ಗೇಮ್ ಡಿಸೈನರ್‌ನ ಪೆಟ್ಟಿಗೆ: ಮೂಲೆಗೆ ಸಿಕ್ಕಿದರೆ?

ಮೊದಲು ಒಂದು ಗೊಂದಲ ಬಿಡಿಸಬೇಕು. ಆಟದೊಳಗಿನ ಮರ, ಕತ್ತಿ, ಪಾತ್ರಗಳನ್ನು ಮಾಡುವವರು ಗೇಮ್ ಆರ್ಟಿಸ್ಟ್. ಅವರ ರೀಲಿಗೆ ಸುತ್ತ ತಿರುಗುವ ಮಾಡೆಲ್, ಅದರ ವೈರ್‌ಫ್ರೇಮ್, ತ್ರಿಕೋನಗಳ ಸಂಖ್ಯೆ, ಟೆಕ್ಸ್ಚರ್‌ಗಳು ಬೇಕು. ಗೇಮ್ ಡಿಸೈನರ್ ನಿಯಮ ಮಾಡುವವರು. ಅವರ ಕೆಲಸವನ್ನು ವಿಡಿಯೋದಲ್ಲಿ ತೋರಿಸಲು ಅರ್ಧವಷ್ಟೇ ಆಗುತ್ತದೆ. ಸುಂದರ ದೃಶ್ಯದ ಮೇಲೆ ಕ್ಯಾಮೆರಾ ತೇಲಿಹೋಗುವ ವಿಡಿಯೋ ಕಳಿಸುವ ಡಿಸೈನರ್ ತನ್ನ ಕೆಲಸವನ್ನೇ ತೋರಿಸಿಲ್ಲ.

ಪೆಟ್ಟಿಗೆಯ ಆಟಕ್ಕೆ ಮೂರು ಕೋಣೆ ಸಾಕು, ಚೌಕಗಳ ಹಾಸಿನ ಮೇಲೆ. ಒಂದು ಸಲ ತಳ್ಳಿದರೆ ಪೆಟ್ಟಿಗೆ ಒಂದು ಚೌಕ ಸರಿಯಲಿ. ಭೌತಶಾಸ್ತ್ರದ ಎಂಜಿನ್ ಬಳಸಿ ಜಾರಿಸಲು ಹೋದರೆ ಪೆಟ್ಟಿಗೆ ಓರೆಯಾಗಿ ಬಾಗಿಲಿಗೆ ಸಿಕ್ಕಿಕೊಳ್ಳುವುದನ್ನು ಸರಿಪಡಿಸುವುದರಲ್ಲೇ ವಾರ ಹೋಗುತ್ತದೆ. ಅಲಂಕಾರ ಬೇಡ: ನೆಲ ಬೂದು, ಪೆಟ್ಟಿಗೆ ಕಂದು, ಗುರಿ ಹಳದಿ. ಮೊದಲ ಕೋಣೆಯಲ್ಲಿ ಒಂದು ಪೆಟ್ಟಿಗೆ, ಒಂದು ಒತ್ತುಹಲಗೆ, ಮುಚ್ಚಿದ ಬಾಗಿಲು. ಪೆಟ್ಟಿಗೆ ಬಾಗಿಲಿನ ದಾರಿಯಲ್ಲೇ ಇರಲಿ. ಆಡುವವರು ಮುಂದೆ ನಡೆದರೆ ಸಾಕು, ಪೆಟ್ಟಿಗೆ ತಾನಾಗಿ ಹಲಗೆಯ ಮೇಲೆ ಹೋಗಿ ಬಾಗಿಲು ತೆರೆಯಬೇಕು. ಒಂದಕ್ಷರವೂ ಬರೆಯದೆ ನಿಯಮ ಕಲಿಸಿದಂತಾಯಿತು. ಎರಡನೇ ಕೋಣೆಯಲ್ಲಿ ಹಲಗೆ ಗೋಡೆಯ ಪಕ್ಕಕ್ಕೆ ಹೋಗುತ್ತದೆ, ಪೆಟ್ಟಿಗೆಯ ಯಾವ ಬದಿಗೆ ನಿಂತು ತಳ್ಳಬೇಕೆಂದು ಯೋಚಿಸಬೇಕು. ಮೂರನೆಯದರಲ್ಲಿ ಅದೇ ಪೆಟ್ಟಿಗೆ ಹಲಗೆಯನ್ನು ಒತ್ತಲೂ ಬೇಕು, ಹಳ್ಳವೊಂದನ್ನು ಮುಚ್ಚಲೂ ಬೇಕು. ಯಾವುದು ಮೊದಲು ಎಂಬುದೇ ಒಗಟು.

ಎರಡನೇ ಕೋಣೆ ಬಂದ ಕೂಡಲೇ ಡಿಸೈನರ್ ಎದುರಿಸಬೇಕಾದ ನಿಜವಾದ ಪ್ರಶ್ನೆ ಹುಟ್ಟುತ್ತದೆ. ತಳ್ಳಬಹುದು, ಎಳೆಯುವಂತಿಲ್ಲ ಎಂಬ ನಿಯಮದಲ್ಲಿ ಮೂಲೆಗೆ ಹೋದ ಪೆಟ್ಟಿಗೆ ಮತ್ತೆ ಹೊರಬರುವುದಿಲ್ಲ. ಅದಕ್ಕೆ ಮದ್ದು ಮೂರು: ಕೋಣೆಯನ್ನು ಮೊದಲಿನಿಂದ ಶುರುಮಾಡುವ ಬಟನ್, ಒಂದು ಹೆಜ್ಜೆ ಹಿಂದಕ್ಕೆ ಹೋಗುವ ಬಟನ್, ಅಥವಾ ಮೂಲೆಗಳೇ ಇಲ್ಲದ ಕೋಣೆ. ಒಂದು ಹೆಜ್ಜೆ ಹಿಂದಕ್ಕೆ ಹೋಗಲು ಬಿಟ್ಟರೆ ಆಡುವವರು ಧೈರ್ಯದಿಂದ ಪ್ರಯೋಗ ಮಾಡುತ್ತಾರೆ. ಇಡೀ ಕೋಣೆ ಮತ್ತೆ ಶುರುವಾಗುವುದಾದರೆ ತಳ್ಳುವ ಮೊದಲು ಯೋಚಿಸುತ್ತಾರೆ, ಜೊತೆಗೆ ಬೇಗ ಸಿಟ್ಟಾಗುತ್ತಾರೆ. ಯಾವುದನ್ನು ಆರಿಸಿದಿರಿ, ಯಾಕೆ ಎಂದು ನಾಲ್ಕು ಸಾಲು ಬರೆದರೆ ಅದೇ ನಿಮ್ಮ ಪೋರ್ಟ್‌ಫೋಲಿಯೋದ ತಿರುಳು.

ಬಳಿಕ ಐದು ಜನರನ್ನು ಕೂರಿಸಿ ಆಡಿಸಿ, ನೀವು ಬಾಯಿ ಬಿಡಬೇಡಿ. ಇದು ಹೇಳಿದಷ್ಟು ಸುಲಭವಲ್ಲ. ಆಡುವವರು ತಪ್ಪು ಗೋಡೆಗೆ ತಲೆ ಚಚ್ಚಿಕೊಳ್ಳುವಾಗ ನಾಲಿಗೆ ತುದಿಗೇ ಉತ್ತರ ಬಂದಿರುತ್ತದೆ. ಎಲ್ಲಿ ನಿಂತರು, ಎಷ್ಟು ಹೊತ್ತು, ಏನು ಗೊಣಗಿದರು ಎಂದು ಬರೆದುಕೊಳ್ಳಿ. ಐದರಲ್ಲಿ ಮೂವರು ಒಂದೇ ಕಡೆ ಸಿಕ್ಕಿಕೊಂಡರೆ ತಪ್ಪು ಕೋಣೆಯದು. ಉದಾಹರಣೆಗೆ, ಹಳ್ಳವನ್ನು ಯಾರೂ ಹಳ್ಳವೆಂದು ಗುರುತಿಸದೆ ಕಪ್ಪು ನೆಲವೆಂದುಕೊಂಡರೆ ಒಗಟನ್ನು ಸುಲಭ ಮಾಡುವ ಅಗತ್ಯವಿಲ್ಲ, ಹಳ್ಳಕ್ಕೊಂದು ಅಂಚು ಕೊಟ್ಟರೆ ಸಾಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಹೊಸ ಜನರಿಗೆ ಆಡಿಸಿ. ಒಮ್ಮೆ ಬಿಡಿಸಿದವರಿಗೆ ಉತ್ತರ ಗೊತ್ತಿರುವುದರಿಂದ ಅವರು ಮತ್ತೆ ಉಪಯೋಗಕ್ಕೆ ಬರುವುದಿಲ್ಲ.

ಕಳಿಸಬೇಕಾದದ್ದು ಬ್ರೌಸರ್‌ನಲ್ಲೇ ಆಡಬಹುದಾದ ಕೊಂಡಿ, ಅದನ್ನು itch.io ತಾಣದಲ್ಲಿ ಇಡಬಹುದು. ಜೊತೆಗೆ ಒಂದು ನಿಮಿಷದ ಆಟದ ವಿಡಿಯೋ, ಕೋಣೆಯ ಮೊದಲ ನಕ್ಷೆ ಮತ್ತು ಕೊನೆಯ ನಕ್ಷೆ ಅಕ್ಕಪಕ್ಕದಲ್ಲಿ. ಮೂರು ಕೋಣೆಗಳ ಮುಗಿದ ಆಟ, ಮೂವತ್ತು ಕೋಣೆಗಳ ಅರೆಬೆಂದ ಆಟಕ್ಕಿಂತ ಮೇಲು. ಒಂದು ಕಹಿ ಸತ್ಯವೂ ಇದೆ: ಹೊಸಬರಿಗೆಂದೇ ಇರುವ ಡಿಸೈನರ್ ಹುದ್ದೆಗಳು ಕಡಿಮೆ. ಒಂದು ತಂಡದಲ್ಲಿ ಕಲಾವಿದರೂ ಪ್ರೋಗ್ರಾಮರ್‌ಗಳೂ ಹಲವರಿದ್ದರೆ ಡಿಸೈನರ್‌ಗಳು ಬೆರಳೆಣಿಕೆಯಷ್ಟು. ಆಟ ಪರೀಕ್ಷಿಸುವ ಕೆಲಸದಿಂದಲೋ ಲೆವೆಲ್ ಜೋಡಿಸುವ ಕೆಲಸದಿಂದಲೋ ಒಳಗೆ ಬಂದವರು ಬಹಳ. ಸ್ವಲ್ಪ ಸ್ಕ್ರಿಪ್ಟಿಂಗ್ ಬಂದರೆ ಬಾಗಿಲು ಇನ್ನಷ್ಟು ತೆರೆಯುತ್ತದೆ.

ಯಾವುದನ್ನು ಇಟ್ಟುಕೊಳ್ಳುವುದು

ಮೂರನ್ನೂ ಮಾಡಿದ ಮೇಲೆ ಫಲಿತಾಂಶ ಯಾವುದು ಚೆನ್ನಾಗಿದೆ ಎಂದು ನೋಡಬೇಡಿ, ಮೊದಲ ಸಲ ಮೂರೂ ಪೆದ್ದಾಗಿಯೇ ಇರುತ್ತವೆ. ಯಾವ ಬೇಸರವನ್ನು ತಡೆದುಕೊಂಡಿರಿ ಎಂದು ನೋಡಿ. ಗ್ರಾಫ್ ಎಡಿಟರ್‌ನಲ್ಲಿ ಸೊಂಟದ ಚಲನೆಯ ಒಂದೇ ಗೆರೆಯನ್ನು ಇಪ್ಪತ್ತು ಸಲ ಎಳೆದದ್ದೋ, ಗ್ರೇನ್ ಹೊಂದುವವರೆಗೆ ನಾಲ್ಕು ಪಟ್ಟು ಹಿಗ್ಗಿಸಿ ನೋಡಿದ್ದೋ, ಅಪರಿಚಿತರು ನಿಮ್ಮ ಕೋಣೆಯಲ್ಲಿ ದಾರಿ ತಪ್ಪುವುದನ್ನು ಮೌನವಾಗಿ ನೋಡಿದ್ದೋ. ಆ ಕೆಲಸದಲ್ಲೇ ಇನ್ನೆರಡು ಶಾಟು ಅಥವಾ ಕೋಣೆಗಳನ್ನು ಮಾಡಿ, ಉಳಿದೆರಡನ್ನು ರೀಲಿನಿಂದ ತೆಗೆದುಬಿಡಿ.

ಅನಿಮೇಷನ್, ವಿಎಫ್‌ಎಕ್ಸ್ ರೀಲು ಒಂದು ನಿಮಿಷ ದಾಟಬೇಕಿಲ್ಲ, ನಲವತ್ತು ಸೆಕೆಂಡೂ ಸಾಕು. ಹೆಸರು, ಕೆಲಸ, ಇಮೇಲ್ ಮೊದಲ ಮೂರು ಸೆಕೆಂಡ್ ಮತ್ತು ಕೊನೆಯಲ್ಲಿ. ಅತ್ಯುತ್ತಮ ಶಾಟು ಮೊದಲಿಗೇ. ಸಾಧಾರಣ ಶಾಟನ್ನು ಉದ್ದಕ್ಕಾಗಿ ಸೇರಿಸಬೇಡಿ, ನೋಡಿದವರು ನೆನಪಿಟ್ಟುಕೊಳ್ಳುವುದು ಅದನ್ನೇ. ಸಂಗೀತವಿಲ್ಲದೆ ಓಡಿಸಿದರೂ ರೀಲು ನಿಲ್ಲಬೇಕು, ಬಹಳಷ್ಟು ಜನ ಸದ್ದಿಲ್ಲದೆಯೇ ನೋಡುತ್ತಾರೆ. ಯಾವುದು ನಿಮ್ಮದು, ಯಾವುದು ಬೇರೆಯವರದು ಎಂದು ಪ್ರತಿ ಶಾಟಿನ ಮೂಲೆಯಲ್ಲಿ ಚಿಕ್ಕದಾಗಿ ಬರೆಯಿರಿ.

ಬಿಡಿ ಚಿತ್ರಗಳಿಂದ ವಿಡಿಯೋ ಮಾಡುವಾಗ ಫ್ರೇಮ್ ರೇಟ್ ಹೇಳದಿದ್ದರೆ ffmpeg ತಾನಾಗಿ 25 ಎಂದುಕೊಳ್ಳುತ್ತದೆ. 24ರಲ್ಲಿ ಮಾಡಿದ ಅನಿಮೇಷನ್ ಸ್ವಲ್ಪ ಬೇಗ ಓಡುತ್ತದೆ, ಕಷ್ಟಪಟ್ಟು ಕೂಡಿಸಿದ ಭಾರವೂ ಅಷ್ಟರಮಟ್ಟಿಗೆ ಕರಗುತ್ತದೆ.

```
ffmpeg -framerate 24 -i shot_%04d.png -c:v libx264 -crf 18 -pix_fmt yuv420p shot.mp4
```

ಕೊನೆಯ `yuv420p` ಬಿಟ್ಟರೆ ನಿಮ್ಮ ಕಂಪ್ಯೂಟರಿನಲ್ಲಿ ಓಡಿದ ವಿಡಿಯೋ ಬೇರೆ ಕೆಲವು ಪ್ಲೇಯರ್‌ಗಳಲ್ಲಿ ತೆರೆಯುವುದಿಲ್ಲ. 30 ಫ್ರೇಮಿನ ವಿಎಫ್‌ಎಕ್ಸ್ ಶಾಟಿಗೆ ಅಲ್ಲಿ 30 ಎಂದೇ ಬರೆಯಿರಿ. 24ರ ಟೈಮ್‌ಲೈನಿಗೆ ಅದನ್ನು ತುರುಕಿದರೆ ಪ್ರತಿ ಐದು ಫ್ರೇಮಿಗೊಂದು ಬಿದ್ದುಹೋಗಿ ಕ್ಯಾಮೆರಾದ ಓಟ ಕುಂಟುತ್ತದೆ. ಯೂಟ್ಯೂಬಿಗೆ ಏರಿಸುವುದಾದರೆ `Unlisted` ಆರಿಸಿ. `Private` ಆಗಿದ್ದರೆ ಕೊಂಡಿ ಒತ್ತಿದವರಿಗೆ ಏನೂ ಕಾಣುವುದಿಲ್ಲ, ನಿಮ್ಮ ಖಾತೆಯಲ್ಲಿ ಮಾತ್ರ ಎಲ್ಲವೂ ಸರಿಯಾಗಿಯೇ ಓಡುತ್ತಿರುತ್ತದೆ. ಅರ್ಜಿ ಕಳಿಸುವ ಮೊದಲು ಲಾಗಿನ್ ಆಗಿರದ ಬೇರೊಂದು ಬ್ರೌಸರ್‌ನಲ್ಲಿ ಆ ಕೊಂಡಿಯನ್ನು ಒಮ್ಮೆ ಒತ್ತಿ ನೋಡಿ.